ಒಂದೇ ಬಾಂಡು, ಮೂರು ಯೀಲ್ಡು: ಎಡವಿದ್ದು ಎಲ್ಲಿ?

ಡೊಂಬಿವಲಿಯಿಂದ ಬರುವ ನಮ್ಮ ಗೆಳೆಯ ಕಳೆದ ಭಾನುವಾರ ಮಾಟುಂಗಾದಲ್ಲಿ ಕಾಫಿ ಕುಡಿಯುತ್ತಾ ಫೋನ್ ತೋರಿಸಿದ. "ನೋಡು ಮಾರಾಯ, ಈ ಬಾಂಡ್ ಸುಮಾರು ಹನ್ನೆರಡು ಪರ್ಸೆಂಟ್ ಕೊಡ್ತದೆ!" ಪಕ್ಕದಲ್ಲಿದ್ದವನು ಅದೇ ಬಾಂಡಿಗೆ ಲೆಕ್ಕ ಹಾಕಿದಾಗ 8.6 ಬಂತು. ನನಗೆ 10.23 ಬಂತು. ಯೀಲ್ಡ್, ಅಂದರೆ ಹಾಕಿದ ದುಡ್ಡಿಗೆ ವರ್ಷಕ್ಕೆ ಸಿಗುವ ಗಳಿಕೆಯ ದರ, ಅದರ ಸೂತ್ರ ಮೂವರಿಗೂ ಗೊತ್ತಿತ್ತು. ವ್ಯತ್ಯಾಸ ಇದ್ದದ್ದು ಸೂತ್ರಕ್ಕೆ ಹಾಕಿದ ಬೆಲೆಯಲ್ಲಿ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಬಾಂಡ್ ನಮ್ಮ ಅಭ್ಯಾಸಕ್ಕೆ ಮಾಡಿಕೊಂಡದ್ದು, ಹಾಗಾಗಿ ಕಂಪನಿಯ ಹೆಸರು ಬೇಡ.

ಮುಖಬೆಲೆ 1,000 ರೂಪಾಯಿ. ಕೂಪನ್, ಅಂದರೆ ಬಾಂಡಿನ ಬಡ್ಡಿ, 9%, ವರ್ಷಕ್ಕೊಮ್ಮೆ ಜೂನ್ 20ಕ್ಕೆ. ಅಸಲು ವಾಪಸ್ 2028ರ ಜೂನ್ 20ಕ್ಕೆ. 2025ರ ನವೆಂಬರ್ 12, ಬುಧವಾರ ಕೊಂಡಿದ್ದೇವೆ ಅಂದುಕೊಳ್ಳಿ. ಸೆಟಲ್‌ಮೆಂಟ್, ಅಂದರೆ ದುಡ್ಡು ಮತ್ತು ಬಾಂಡ್ ಕೈಬದಲಾಗುವುದು, ಮರುದಿನ 13ಕ್ಕೆ. ಬೆಲೆ 972 ರೂಪಾಯಿ.

ಮೊದಲು ಸುಲಭದ್ದು. ಕರೆಂಟ್ ಯೀಲ್ಡ್ ಅಂದರೆ ವರ್ಷದ ಕೂಪನ್ನನ್ನು ಬೆಲೆಯಿಂದ ಭಾಗಿಸುವುದು, ಅಷ್ಟೇ. 90 ÷ 972 = 9.26%. 972ಕ್ಕೆ ಕೊಂಡದ್ದಕ್ಕೆ ಕೊನೆಯಲ್ಲಿ 1,000 ಬರುತ್ತದಲ್ವಾ, ಆ 28 ರೂಪಾಯಿ ಇದರ ಕಣ್ಣಿಗೆ ಬೀಳುವುದಿಲ್ಲ. ಬಾಂಡ್ ಮುಗಿಯುವುದು ಎರಡು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಅನ್ನುವುದೂ ಇದಕ್ಕೆ ಬೇಕಿಲ್ಲ. ಕೈಗೆ ಬರುವ ಬಡ್ಡಿಯ ಅಂದಾಜಿಗೆ ಸಾಕು, ಎರಡು ಬಾಂಡ್ ಹೋಲಿಸಲು ಸಾಲದು.

ಈಗ ಮುಖ್ಯ ವಿಷಯ. ನಮ್ಮ ಕೈಯಿಂದ ಹೋಗುವುದು 972 ಅಲ್ಲ. ಜೂನ್ 20ರಿಂದ ನವೆಂಬರ್ 13ರವರೆಗೆ ಬಾಂಡ್ ಇಟ್ಟುಕೊಂಡವನು ಮಾರಿದವನು. ಆ 146 ದಿನಗಳ ಬಡ್ಡಿ ಅವನದ್ದು. ಆದರೆ ಮುಂದಿನ ಜೂನ್‌ನಲ್ಲಿ ಪೂರ್ತಿ 90 ರೂಪಾಯಿ ಬರುವುದು ನಮಗೆ. ಅದಕ್ಕೇ ಅವನ ಪಾಲನ್ನು ಕೊಳ್ಳುವಾಗಲೇ ಕೊಟ್ಟುಬಿಡಬೇಕು. 90 × 146 ÷ 365 = 36 ರೂಪಾಯಿ. ಬಾಂಡ್ ಪೇಟೆಯಲ್ಲಿ ಇದನ್ನು ಅಕ್ರೂಡ್ ಇಂಟರೆಸ್ಟ್ ಅಂತಲೋ, ಬ್ರೋಕನ್ ಪೀರಿಯಡ್ ಇಂಟರೆಸ್ಟ್ ಅಂತಲೋ ಕರೆಯುತ್ತಾರೆ. 972 ಕ್ಲೀನ್ ಪ್ರೈಸ್, 972 + 36 = 1,008 ಡರ್ಟಿ ಪ್ರೈಸ್. ದಿನ ಎಣಿಸುವುದು ಸೆಟಲ್‌ಮೆಂಟ್ ದಿನದವರೆಗೆ, ಕೊಂಡ ದಿನದವರೆಗಲ್ಲ. ನಮ್ಮ ಕಾರ್ಪೊರೇಟ್ ಬಾಂಡುಗಳಲ್ಲಿ ನಿಜವಾದ ದಿನಗಳನ್ನೇ ಎಣಿಸುತ್ತಾರೆ. ಸರ್ಕಾರಿ ಬಾಂಡಿನ ಹಾಗೆ ಪ್ರತಿ ತಿಂಗಳಿಗೂ 30 ದಿನ ಅಂತ ಹಿಡಿಯುವುದಿಲ್ಲ. ಪಾಠದಲ್ಲಿ ಸರ್ಕಾರಿ ಬಾಂಡಿನ ಉದಾಹರಣೆ ಓದಿದವರು ಇಲ್ಲಿ ಮೂರು ದಿನ ತಪ್ಪುತ್ತಾರೆ.

ವೈಟಿಎಂ ಅಂದರೆ ಯೀಲ್ಡ್ ಟು ಮೆಚ್ಯೂರಿಟಿ: ಮುಂದೆ ಬರುವ ಎಲ್ಲ ಹಣವನ್ನು ಯಾವ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ಸರಿಯಾಗಿ 1,008 ಆಗುತ್ತದೋ, ಆ ದರ. ಮುಂದಿನ ಕೂಪನ್ನಿಗೆ 219 ದಿನ, ಅಂದರೆ 0.6 ವರ್ಷ. ಅದರ ನಂತರದ್ದು 1.6, ಕೊನೆಯದು 2.6.

```
1008 = 90/(1+y)^0.6 + 90/(1+y)^1.6 + 1090/(1+y)^2.6
```

ಇದನ್ನು ನೇರವಾಗಿ ಬಿಡಿಸಲು ಬರುವುದಿಲ್ಲ, ಊಹಿಸಿ ಹಾಕಿ ನೋಡಬೇಕು. ಊಹೆಗೆ ಒಂದು ಒಳ್ಳೆಯ ದಾರಿ ಇದೆ. 28 ರೂಪಾಯಿ ಲಾಭವನ್ನು 2.6 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 10.77. ಅದಕ್ಕೆ 90 ಸೇರಿಸಿ, 972 ಮತ್ತು 1,000ರ ನಡುವಿನ 986ರಿಂದ ಭಾಗಿಸಿ. 10.22% ಬಂತು. ಈಗ 10% ಹಾಕಿದರೆ ಬಲಗಡೆ 1,013.03 ಆಗುತ್ತದೆ. ಬೆಲೆಗಿಂತ ಜಾಸ್ತಿ, ಆದ್ದರಿಂದ ದರ ಏರಿಸಬೇಕು. 10.5% ಹಾಕಿದರೆ 1,002.26, ಇದು ಕಡಿಮೆ. 10.23% ಹಾಕಿದರೆ ಮೂರು ತುಂಡುಗಳು 84.89, 77.01 ಮತ್ತು 846.15. ಕೂಡಿದರೆ 1,008.05. ಐದು ಪೈಸೆಯ ವ್ಯತ್ಯಾಸ, ಸಾಕು. ಮೂರನೇ ತುಂಡು ಎಷ್ಟು ದೊಡ್ಡದು ನೋಡಿ. ಕೊನೆಯ ದಿನ ಕಂಪನಿ ಕೈಕೊಟ್ಟರೆ ಈ 10.23ಕ್ಕೆ ಅರ್ಥವೇ ಇಲ್ಲ. ದುಡ್ಡು ಪೂರ್ತಿ, ಸರಿಯಾದ ಹೊತ್ತಿಗೆ ಬರುತ್ತದೆ ಅಂತ ಹಿಡಿದೇ ವೈಟಿಎಂ ಲೆಕ್ಕ ಹಾಕುವುದು.

ಎಕ್ಸೆಲ್‌ನಲ್ಲಿ ಎರಡು ದಾರಿ. ನಾವು ಎಡವಿದ್ದೂ ಇಲ್ಲೇ.

```
=YIELD(DATE(2025,11,13),DATE(2028,6,20),9%,97.2,100,1,1)
```

YIELD ಕೇಳುವುದು ಕ್ಲೀನ್ ಪ್ರೈಸ್, ಅದೂ 100 ರೂಪಾಯಿ ಮುಖಬೆಲೆಯ ಲೆಕ್ಕದಲ್ಲಿ. ಅಕ್ರೂಡ್ ಬಡ್ಡಿಯನ್ನು ಅದೇ ಸೇರಿಸಿಕೊಳ್ಳುತ್ತದೆ. ಉತ್ತರ 10.23%. ನಮ್ಮ ಎರಡನೆಯವನು ಖಾತೆಯಿಂದ ಹೋಗುವ ಒಟ್ಟು ದುಡ್ಡು ನೋಡಿ 100.8 ಹಾಕಿದ್ದ. ಹಾಗಾಗಿ 36 ರೂಪಾಯಿ ಎರಡು ಸಲ ಸೇರಿ, ಯೀಲ್ಡ್ 8.60%ಕ್ಕೆ ಇಳಿಯಿತು.

ಇನ್ನೊಂದು XIRR. ಒಂದು ಕಾಲಮ್ಮಿನಲ್ಲಿ ದಿನಾಂಕ, ಇನ್ನೊಂದರಲ್ಲಿ ಹಣ.

```
2025-11-13   -1008
2026-06-20      90
2027-06-21      90
2028-06-20    1090
=XIRR(B1:B4,A1:A4)
```

XIRRಗೆ ಬಾಂಡ್ ಅಂದರೇನು ಅಂತಲೇ ಗೊತ್ತಿಲ್ಲ. ಅದಕ್ಕೆ ಡರ್ಟಿ ಪ್ರೈಸನ್ನೇ ಕೊಡಬೇಕು. ಡೊಂಬಿವಲಿಯವನು 972 ಕೊಟ್ಟಿದ್ದ. ಮಾರಿದವನ 146 ದಿನಗಳ ಬಡ್ಡಿ ಇವನಿಗೆ ಪುಕ್ಕಟೆ ಸಿಕ್ಕ ಹಾಗಾಯಿತು, 11.9% ಬಂತು. "ಹಾಗಾದ್ರೆ ಆ 36 ರೂಪಾಯಿ ನಾನು ಕೊಟ್ಟೇ ಇಲ್ವಾ?" ಅಂದ. ಬ್ರೋಕರ್ ಕೊಡುವ ಕಾಂಟ್ರಾಕ್ಟ್ ನೋಟ್ ಹೇಗಿರುತ್ತದೆ ಅಂತ ಬರೆದು ತೋರಿಸಬೇಕಾಯಿತು: ಹತ್ತು ಬಾಂಡಿಗೆ 9,720, ಅದರ ಕೆಳಗೆ ಬಡ್ಡಿ 360, ಒಟ್ಟು 10,080. ಪರದೆಯ ಮೇಲಿನ ಬೆಲೆಯಲ್ಲಿ ಬಡ್ಡಿ ಸೇರಿದೆಯೋ ಇಲ್ಲವೋ ಅನ್ನುವುದನ್ನು ಹೀಗೇ ಪತ್ತೆ ಮಾಡಬೇಕು. ಬಡ್ಡಿಯ ಸಾಲು ಬೇರೆಯಾಗಿ ಇದ್ದರೆ ಬೆಲೆ ಕ್ಲೀನ್.

ಸರಿಯಾಗಿ 1,008 ಹಾಕಿದರೂ XIRR ಕೊಡುವುದು 10.22%, 10.23 ಅಲ್ಲ. ಗಾಬರಿ ಬೇಡ. 2027ರ ಜೂನ್ 20 ಭಾನುವಾರ. ರಜೆ ಬಂದರೆ ಕೂಪನ್ ಮುಂದಿನ ಕೆಲಸದ ದಿನ ಸಿಗುತ್ತದೆ, ಆದರೆ ಮೊತ್ತ ಅದೇ 90. ಅದಕ್ಕೇ ಮೇಲೆ 2027ಕ್ಕೆ 21 ಅಂತ ಹಾಕಿದ್ದು. ಇನ್ನೊಂದು ಕಾರಣವೇ ಜಾಸ್ತಿ ತೂಕದ್ದು. 2028ರ ಫೆಬ್ರವರಿಗೆ 29 ದಿನ, XIRR ಮಾತ್ರ ಯಾವಾಗಲೂ 365ರಿಂದಲೇ ಭಾಗಿಸುತ್ತದೆ. ಅಸಲು ಒಂದು ದಿನ ತಡವಾಗಿ ಬಂದ ಹಾಗೆ ಅದಕ್ಕೆ ಕಾಣುತ್ತದೆ.

ವರ್ಷಕ್ಕೆರಡು ಸಲ ಬಡ್ಡಿ ಕೊಡುವ ಬಾಂಡಾದರೆ ಈ ಎರಡರ ಅಂತರ ಇನ್ನೂ ಹಿಗ್ಗುತ್ತದೆ. YIELD ಅರ್ಧ ವರ್ಷದ ದರವನ್ನು ಸುಮ್ನೆ ಎರಡರಿಂದ ಗುಣಿಸಿ 10% ಅಂದರೆ, XIRR ಚಕ್ರಬಡ್ಡಿ ಸೇರಿಸಿ 10.25% ಅನ್ನುತ್ತದೆ. ತಿಂಗಳ ಬಡ್ಡಿಯ ಬಾಂಡಿಗೆ YIELD ಬರುವುದೇ ಇಲ್ಲ, XIRR ಒಂದೇ ದಾರಿ.

ಇನ್ನೊಂದು ಬಲೆ ರೆಕಾರ್ಡ್ ಡೇಟ್. ಆ ಸಲದ ಕೂಪನ್ ಯಾರಿಗೆ ಅಂತ ತೀರ್ಮಾನವಾಗುವ ಈ ದಿನ ಬರುವುದು ಕೂಪನ್ ದಿನಕ್ಕೆ 15 ದಿನ ಮೊದಲು. ನಮ್ಮ ಬಾಂಡಿಗೆ 2026ರ ಜೂನ್ 5. ಅದು ದಾಟಿದ ಮೇಲೆ, ಉದಾಹರಣೆಗೆ ಜೂನ್ 10ಕ್ಕೆ ಸೆಟಲ್ ಆದರೆ, ಆ ಸಲದ 90 ರೂಪಾಯಿ ಮಾರಿದವನ ಖಾತೆಗೇ ಹೋಗುತ್ತದೆ. ಉಳಿದ ಹತ್ತು ದಿನಗಳ ಬಡ್ಡಿ, 2.47 ರೂಪಾಯಿ, ನಮಗೆ ಸೇರಬೇಕಾದದ್ದು. ಹಾಗಾಗಿ ಅಕ್ರೂಡ್ ಬಡ್ಡಿ ಮೈನಸ್ ಆಗುತ್ತದೆ. ಕ್ಲೀನ್ ಬೆಲೆ ಅದೇ 972 ಇದ್ದರೆ ಕೊಡುವುದು 969.53. ಪಟ್ಟಿಯ ಮೊದಲ ಸಾಲಿನಲ್ಲಿ 2026-06-10 ಮತ್ತು -969.53 ಹಾಕಿ, 2026ರ 90ರ ಸಾಲನ್ನು ತೆಗೆದುಹಾಕಿ, ಆಮೇಲೆ XIRR ಒತ್ತಿ.