ಎರಡು ವರ್ಷದ ಮಗು ಮಾತಾಡ್ತಿಲ್ಲ ಅಂದಾಗ ಸ್ಪೀಚ್ ಥೆರಪಿಸ್ಟ್ ಏನು ನೋಡುತ್ತಾರೆ?

"ಎಲ್ಲಾ ಅರ್ಥ ಆಗುತ್ತೆ, ಮಾತು ಮಾತ್ರ ಬರಲ್ಲ." ಮಾತು ತಡವಾದ ಮಗುವನ್ನು ಕರೆತರುವ ಹೆಚ್ಚಿನ ಅಪ್ಪ ಅಮ್ಮ ಹೇಳುವುದು ಇದನ್ನೇ. ಥೆರಪಿಸ್ಟ್ ಮೊದಲು ಪರೀಕ್ಷೆ ಮಾಡುವುದೂ ಈ ಮಾತನ್ನೇ. ಮಗು ಎಷ್ಟು ಪದ ಹೇಳುತ್ತದೆ ಅನ್ನುವುದಕ್ಕಿಂತ ಎಷ್ಟು ಅರ್ಥ ಮಾಡಿಕೊಳ್ಳುತ್ತದೆ ಅನ್ನುವುದರ ಮೇಲೆ ಮುಂದಿನ ದಾರಿ ಜಾಸ್ತಿ ನಿಂತಿರುತ್ತದೆ. ಈ ಟಿಪ್ಪಣಿಯಲ್ಲಿ ಸುಮಾರು ಎರಡು ವರ್ಷದ ಮಗುವನ್ನೇ ಇಟ್ಟುಕೊಂಡಿದ್ದೇನೆ.

ಮೊದಲು ಯಾವಾಗ ತೋರಿಸಬೇಕು ಅನ್ನುವುದನ್ನು ನೋಡೋಣ. ಏಳೆಂಟು ತಿಂಗಳಿಗೆ ಮಗು "ಬಾಬಾಬಾ", "ದಾದಾದಾ" ಎಂದು ತೊದಲಲು ಶುರು ಮಾಡುತ್ತದೆ. ಹತ್ತು ತಿಂಗಳಾದರೂ ಇದು ಇಲ್ಲದಿದ್ದರೆ ಕಿವಿ ಪರೀಕ್ಷೆ ಮಾಡಿಸಬೇಕು. ಒಂದು ವರ್ಷದ ಆಸುಪಾಸಿಗೆ ಮೊದಲ ಪದ ಬರುತ್ತದೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದು, ಟಾಟಾ ಮಾಡುವುದು ಶುರುವಾಗುವುದೂ ಆಗಲೇ. ಹದಿನೆಂಟು ತಿಂಗಳಿಗೆ ಹತ್ತು ಪದವೂ ಇಲ್ಲ, ಬೆರಳು ತೋರಿಸುವುದೂ ಇಲ್ಲ ಅಂದರೆ ಕಾಯುವುದು ಬೇಡ. ಎರಡು ವರ್ಷಕ್ಕೆ ಸುಮಾರು 50 ಪದ ಇರಬೇಕು, "ಅಮ್ಮ ಬಾ", "ಹಾಲು ಬೇಕು" ಅನ್ನುವ ಜೋಡಿಗಳೂ ಬಂದಿರಬೇಕು. ಇನ್ನು, ಬಂದಿದ್ದ ಮಾತು ನಿಂತುಹೋದರೆ ವಯಸ್ಸು ಎಷ್ಟೇ ಇರಲಿ, ತಡ ಮಾಡದೆ ತೋರಿಸಬೇಕು.

ಪದ ಎಣಿಸುವಾಗ ಮನೆಯವರ ಲೆಕ್ಕಕ್ಕೂ ಥೆರಪಿಸ್ಟ್ ಲೆಕ್ಕಕ್ಕೂ ವ್ಯತ್ಯಾಸ ಇರುತ್ತದೆ. ಯಾರೂ ಹೇಳಿಕೊಡದೆ, ಪ್ರತಿ ಸಲ ಒಂದೇ ಅರ್ಥಕ್ಕೆ ಬಳಸಿದರೆ ಅದು ಪದ. ನೀರಿಗೆ ಯಾವಾಗಲೂ "ನೀಯಿ" ಅಂದರೂ ಅದು ಪದವೇ, ಉಚ್ಚಾರಣೆ ಸರಿ ಇಲ್ಲದಿದ್ದರೂ ಪರವಾಗಿಲ್ಲ. "ಅಜ್ಜಿ ಅನ್ನು, ಅಜ್ಜಿ ಅನ್ನು" ಅಂದಾಗ ಒಪ್ಪಿಸಿದ್ದು ಲೆಕ್ಕಕ್ಕಿಲ್ಲ. ಮೊಬೈಲ್ ನೋಡಿ ಎಬಿಸಿಡಿ ಪೂರ್ತಿ ಹೇಳುವ ಮಗು ಬಾಯಾರಿದಾಗ ಅಮ್ಮನ ಕೈ ಹಿಡಿದು ಎಳೆಯುತ್ತದೆ ಅಂದರೆ, ಆ ಎಬಿಸಿಡಿ ಇನ್ನೂ ಮಾತಾಗಿಲ್ಲ. ಮನೆಯಲ್ಲಿ ತುಳು, ಹೊರಗೆ ಕನ್ನಡ ಇದ್ದರೆ ಎರಡೂ ಭಾಷೆಯ ಪದಗಳನ್ನು ಕೂಡಿಸಿ ಎಣಿಸುತ್ತಾರೆ. ಮಾತು ತಡವಾಯಿತೆಂದು ಮನೆ ಭಾಷೆ ಬಿಡಿಸುವ ಅಗತ್ಯವೂ ಇಲ್ಲ.

ಈಗ ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ಚಿನ್ನುಗೆ 26 ತಿಂಗಳು. ಹತ್ತು ಹನ್ನೆರಡು ಪದ ಇವೆ, ಜೋಡಿ ಪದ ಒಂದೂ ಇಲ್ಲ. ಹೆರಿಗೆ ಸಲೀಸಾಗಿ ಆಗಿತ್ತು, ನಡೆದದ್ದು ಸಮಯಕ್ಕೆ ಸರಿಯಾಗಿ. ಥೆರಪಿಸ್ಟ್ ಸುಮಾರು ಹೊತ್ತು ಇಂಥವನ್ನೇ ಕೇಳುತ್ತಾರೆ. ಹುಟ್ಟಿದಾಗ ಅತ್ತಿತ್ತಾ, ಎನ್‌ಐಸಿಯುನಲ್ಲಿ ಇಟ್ಟಿದ್ರಾ, ಕಾಮಾಲೆ ಜೋರಾಗಿತ್ತಾ, ಮೆದುಳು ಜ್ವರ ಬಂದಿತ್ತಾ, ಸಂಬಂಧದಲ್ಲೇ ಮದುವೆಯಾ? ಕೊನೆಯ ಪ್ರಶ್ನೆಗೆ ಕೆಲವರಿಗೆ ಬೇಜಾರಾಗುತ್ತದೆ. ಆದರೆ ಇವೆಲ್ಲ ಕಿವಿ ಕೇಳಿಸದಿರುವ ಸಾಧ್ಯತೆಗೆ ಸಂಬಂಧಪಟ್ಟವು, ಸುಮ್ನೆ ಕೇಳುವುದಲ್ಲ.

ಆಮೇಲೆ ನೆಲದ ಮೇಲೆ ಆಟ. ಗೊಂಬೆ, ಚೆಂಡು, ಪುಟ್ಟ ಲೋಟ, ಚಮಚ. ಹೊರಗಿನಿಂದ ನೋಡಿದವರಿಗೆ "ಇಷ್ಟಕ್ಕೆ ಫೀಸಾ?" ಅನ್ನಿಸಬಹುದು. ಅಲ್ಲಿ ಆಗುತ್ತಿರುವುದೇ ಪರೀಕ್ಷೆ. ಚಿನ್ನು ಚಮಚದಿಂದ ಗೊಂಬೆಗೆ ಊಟ ಮಾಡಿಸುತ್ತಾನೆ, ಅಂದರೆ ನಟನೆಯ ಆಟ ಬಂದಿದೆ. ಗುಳ್ಳೆ ಊದಿ ಡಬ್ಬಿ ಮುಚ್ಚಿಟ್ಟರೆ, ಡಬ್ಬಿಯನ್ನೂ ಥೆರಪಿಸ್ಟ್ ಮುಖವನ್ನೂ ಒಂದರ ಮೇಲೊಂದು ನೋಡಿ ಬೆರಳು ತೋರಿಸುತ್ತಾನೆ. ಇದು ತುಂಬಾ ಒಳ್ಳೆಯ ಲಕ್ಷಣ. ಹೆಸರು ಕರೆದರೂ ತಿರುಗದೆ, ಕಣ್ಣು ಸೇರಿಸದೆ, ಗಾಡಿಯ ಚಕ್ರವನ್ನೇ ತಿರುಗಿಸುತ್ತಾ ಕೂತಿದ್ದರೆ ಆಟಿಸಂ ಬಗ್ಗೆ ಬೇರೆ ಮೌಲ್ಯಮಾಪನ ಬೇಕು ಎಂದು ಬರೆಯುತ್ತಾರೆ.

ಇನ್ನು ಅರ್ಥ ಮಾಡಿಕೊಳ್ಳುವ ವಿಷಯ. ಅಮ್ಮ ಹೇಳುತ್ತಾರೆ, "ಚಪ್ಪಲಿ ತಗೊಂಡು ಬಾ ಅಂದ್ರೆ ತರ್ತಾನೆ." ನಿಜ, ತರುತ್ತಾನೆ. ಆದರೆ ಮನೆಯಲ್ಲಿ ಅದನ್ನು ಹೇಳುವಾಗ ಅಮ್ಮ ಬಾಗಿಲ ಹತ್ತಿರ ನಿಂತಿರುತ್ತಾರೆ, ಕೈಯಲ್ಲಿ ಬ್ಯಾಗ್ ಇರುತ್ತದೆ, ಕಣ್ಣು ಚಪ್ಪಲಿ ಸ್ಟ್ಯಾಂಡ್ ಕಡೆ ಹೋಗಿರುತ್ತದೆ. ಮಗು ಪದವನ್ನು ಕೇಳಿಸಿಕೊಂಡಿತೋ, ಸಂದರ್ಭವನ್ನು ಓದಿತೋ? ಅದಕ್ಕೇ ಥೆರಪಿಸ್ಟ್ ಕೈ ಕಟ್ಟಿ ಕೂತು, ಯಾವ ವಸ್ತುವನ್ನೂ ನೋಡದೆ, "ಚೆಂಡು ಅಮ್ಮಂಗೆ ಕೊಡು" ಅನ್ನುತ್ತಾರೆ. ಚಿನ್ನು ಚೆಂಡು ಎತ್ತಿಕೊಂಡು ಥೆರಪಿಸ್ಟ್‌ಗೇ ಕೊಡುತ್ತಾನೆ. "ಗೊಂಬೆ ಮೂಗು ಎಲ್ಲಿ?" ಅಂದರೆ ಗೊಂಬೆಯನ್ನೇ ತಬ್ಬಿಕೊಳ್ಳುತ್ತಾನೆ. ಅದೇ ಮಾತನ್ನು ಹತ್ತಿರ ಬಂದು ಸ್ವಲ್ಪ ಜೋರಾಗಿ ಹೇಳಿದರೆ ಕೆಲವು ಸಲ ಸರಿ ಮಾಡುತ್ತಾನೆ. ಇಲ್ಲಿ ಥೆರಪಿಸ್ಟ್ ಕಿವಿಯ ಕಡೆ ಅನುಮಾನ ಪಡುತ್ತಾರೆ.

"ಕಿವಿ ಚೆನ್ನಾಗಿದೆ, ಟಿವಿ ಹಾಕಿದ್ರೆ ಓಡಿ ಬರ್ತಾನೆ" ಅನ್ನುವುದು ಸಾಕಾಗುವುದಿಲ್ಲ. ನೆಗಡಿ ಮೇಲೆ ನೆಗಡಿಯಾಗುವ ಮಕ್ಕಳಿಗೆ ಕಿವಿ ತಮಟೆಯ ಹಿಂದೆ ದ್ರವ ನಿಲ್ಲಬಹುದು. ನೋವಿರಬೇಕೆಂದಿಲ್ಲ, ಸೋರಬೇಕೆಂದೂ ಇಲ್ಲ. ಪಾತ್ರೆ ಬಿದ್ದ ಶಬ್ದ ಕೇಳಿಸುತ್ತದೆ, ಮೆಲ್ಲಗೆ ಆಡಿದ ಮಾತಿನಲ್ಲಿ 'ಸ', 'ತ'ದಂಥ ಸಣ್ಣ ಸದ್ದುಗಳು ಕಳೆದುಹೋಗುತ್ತವೆ. ನೀರಿನೊಳಗೆ ತಲೆ ಇಟ್ಟು ಪಕ್ಕದವರ ಮಾತು ಕೇಳಿದ ಹಾಗೆ.

ಇದನ್ನು ಹಿಡಿಯುವುದು ಆಡಿಯಾಲಜಿಸ್ಟ್ ಕೆಲಸ. ಟಿಂಪನೊಮೆಟ್ರಿಯಲ್ಲಿ ಕಿವಿಗೆ ಸಣ್ಣ ಬಿರಡೆ ಇಟ್ಟು ಗಾಳಿಯ ಒತ್ತಡ ಬದಲಿಸುತ್ತಾರೆ, ತಮಟೆ ಅಲುಗಾಡಿದರೆ ಗ್ರಾಫ್‌ನಲ್ಲಿ ಗುಡ್ಡ ಬರುತ್ತದೆ. ದ್ರವ ಇದ್ದರೆ ಗೆರೆ ಚಪ್ಪಟೆ. ಒಎಇ ಪರೀಕ್ಷೆ ಒಳಕಿವಿಯ ಪ್ರತಿಧ್ವನಿಯನ್ನು ಅಳೆಯುತ್ತದೆ. ಒಳಕಿವಿ ಸರಿ ಇದ್ದರೂ ದ್ರವದಿಂದಾಗಿ ಇದರಲ್ಲಿ ಫೇಲ್ ಬರಬಹುದು, ಹಾಗಾಗಿ ಅದೊಂದನ್ನೇ ನೋಡಿ ಹೆದರಬಾರದು. ಸದ್ದು ಕಿವಿಯಿಂದ ಮೆದುಳಿನ ಕಡೆ ಹೋಗುವುದನ್ನು ಅಳೆಯುವ ಬೆರಾ ಪರೀಕ್ಷೆ ಮಾಡುವಾಗ ಮಗು ನಿದ್ದೆಯಲ್ಲಿರಬೇಕು. ಬಸ್ಸಿನಲ್ಲೇ ಮಲಗಿ ಎದ್ದು ಬಂದ ಮಗುವಿಗೆ ಅಲ್ಲಿ ನಿದ್ದೆ ಬರುವುದಿಲ್ಲ, ಇಡೀ ದಿನ ಹಾಳು. ಹುಟ್ಟಿದಾಗಿನ ಸ್ಕ್ರೀನಿಂಗ್ ಪಾಸ್ ಆಗಿದೆ ಅಂದ ಮಾತ್ರಕ್ಕೆ ಇವನ್ನು ಬಿಡುವಂತಿಲ್ಲ, ದ್ರವ ಆಮೇಲೂ ನಿಲ್ಲಬಹುದು.

ಬಾಯಿಯನ್ನೂ ನೋಡುತ್ತಾರೆ: ಜೊಲ್ಲು, ಅಗಿಯುವುದು, ತುಟಿ, ಅಂಗುಳ, ನಾಲಿಗೆ. ನಾಲಿಗೆ ಕೆಳಗಿನ ದಾರ ಗಿಡ್ಡ ಇದ್ದರೆ ಕೆಲವು ಅಕ್ಷರ ತೊಡಕಾಗಬಹುದು, ಆದರೆ ಪದಗಳೇ ಬರದಿರುವುದಕ್ಕೆ ಅದು ಸಾಮಾನ್ಯವಾಗಿ ಕಾರಣವಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದರಿಂದ ಕಿವಿಯ ದ್ರವವಂತೂ ಹೋಗುವುದಿಲ್ಲ ಅಲ್ವಾ! ಎರಡು ವರ್ಷಕ್ಕೆ 'ರ', 'ಳ' ಸರಿಯಾಗಿ ಬರದಿರುವುದು ಮಾಮೂಲಿ.

ಚಿನ್ನುವಿನ ವರದಿ ಹೀಗಿರಬಹುದು: ಅರ್ಥ ಮಾಡಿಕೊಳ್ಳುವ ಭಾಷೆ 16–18 ತಿಂಗಳು, ಆಡುವ ಭಾಷೆ 12–14 ತಿಂಗಳು, ಎರಡೂ ಕಿವಿಯಲ್ಲಿ ಚಪ್ಪಟೆ ಗೆರೆ. ಇವು ಭಾಷೆಯ ಮಟ್ಟ ಮಾತ್ರ, ಬುದ್ಧಿಯ ಮಟ್ಟವಲ್ಲ. ಅರ್ಥ ಆಗುವುದು ವಯಸ್ಸಿಗೆ ಸರಿಯಾಗಿದ್ದು ಆಡುವುದು ಮಾತ್ರ ಹಿಂದಿದ್ದರೆ, ಅಂಥ ಮಕ್ಕಳಲ್ಲಿ ಸುಮಾರು ಜನ ಮುಂದೆ ಸರಿಹೋಗುತ್ತಾರೆ. ಚಿನ್ನುವಿನಲ್ಲಿ ಎರಡೂ ಹಿಂದಿವೆ, ಹಾಗಾಗಿ ಕಾದು ನೋಡುವ ಸಲಹೆ ಇವನಿಗೆ ಸಲ್ಲುವುದಿಲ್ಲ. ಇಎನ್‌ಟಿ ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳು ಗಮನಿಸುತ್ತಾರೆ, ದ್ರವ ಇಳಿಯದೆ ಕೇಳಿಸುವುದೂ ಕಡಿಮೆಯೇ ಇದ್ದರೆ ಕಿವಿ ತಮಟೆಯಲ್ಲಿ ಕೂರಿಸುವ ಗ್ರಾಮೆಟ್ ಎಂಬ ಪುಟ್ಟ ಕೊಳವೆಯ ಮಾತು ಬರುತ್ತದೆ. ಥೆರಪಿಗೆ ಅಲ್ಲಿಯವರೆಗೆ ಕಾಯಬೇಕಿಲ್ಲ.

ಕರ್ನಾಟಕದಲ್ಲಿ ಮಾತು ಮತ್ತು ಕಿವಿ ಎರಡನ್ನೂ ಒಂದೇ ಕಡೆ ನೋಡುವ ದೊಡ್ಡ ಜಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲೂ ಇದಕ್ಕೆಂದು ಕೇಂದ್ರಗಳಿವೆ, ದಾರಿ ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲಿ ವಿಚಾರಿಸಿ. ಹೋಗುವಾಗ ಆಸ್ಪತ್ರೆಯ ಹಳೆಯ ಕಾಗದ, ಮಗು ತಾನಾಗಿ ಹೇಳುವ ಪದಗಳ ಪಟ್ಟಿ, ಮನೆಯಲ್ಲಿ ಆಟ ಆಡುವಾಗಿನ ಎರಡು ನಿಮಿಷದ ವಿಡಿಯೋ ಇಟ್ಟುಕೊಂಡಿರಿ. ಹೊಸ ಜಾಗದಲ್ಲಿ ಬಾಯಿ ಬಿಡದ ಮಕ್ಕಳೇ ಜಾಸ್ತಿ, ಆ ವಿಡಿಯೋ ಆಗ ಕೆಲಸಕ್ಕೆ ಬರುತ್ತದೆ.