ಮಿಲ್ಲರ್ ಸೂಚ್ಯಂಕ ಮತ್ತು d: ಒಂದೇ ಸಮತಲವನ್ನು ಹಿಡಿದು ಪೂರ್ತಿ ಲೆಕ್ಕ

ಒಂದೇ ಒಂದು ಲೆಕ್ಕ ತಗೊಂಡು ನಿಧಾನವಾಗಿ ಮಾಡೋಣ. ಒಂದು ಕ್ಯೂಬಿಕ್ ಸ್ಫಟಿಕ ಇದೆ. ಅದರ ಯುನಿಟ್ ಸೆಲ್‌ನ, ಅಂದರೆ ಸ್ಫಟಿಕದಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಘನದ, ಅಂಚಿನ ಉದ್ದ a. ಒಂದು ಸಮತಲ x ಅಕ್ಷವನ್ನು 2a ದೂರದಲ್ಲಿ, y ಅಕ್ಷವನ್ನು 3a ದೂರದಲ್ಲಿ, z ಅಕ್ಷವನ್ನು a ದೂರದಲ್ಲಿ ಕತ್ತರಿಸುತ್ತದೆ. ಈ ಸಮತಲದ ಮಿಲ್ಲರ್ ಸೂಚ್ಯಂಕ, ಅಂದರೆ ಅದನ್ನು ಗುರುತಿಸುವ ಮೂರು ಪೂರ್ಣ ಸಂಖ್ಯೆಗಳು, ಏನು? ಇಂಥ ಸಮತಲಗಳ ನಡುವಿನ ಅಂತರ d ಎಷ್ಟು?

ಮೊದಲು ಸೂಚ್ಯಂಕ. ಅಕ್ಷಗಳನ್ನು ಕತ್ತರಿಸುವ ದೂರಗಳನ್ನು a ಯಿಂದ ಭಾಗಿಸಿ. 2, 3, 1 ಬರುತ್ತದೆ. ಈಗ ಪ್ರತಿಯೊಂದರ ವ್ಯುತ್ಕ್ರಮ ಬರೆಯಿರಿ, ಅಂದರೆ ತಲೆಕೆಳಗು ಮಾಡಿ. 1/2, 1/3, 1. ಛೇದಗಳು 2 ಮತ್ತು 3. ಅವುಗಳ ಲ.ಸಾ.ಅ. 6. ಮೂರನ್ನೂ 6ರಿಂದ ಗುಣಿಸಿದರೆ 3, 2, 6. ಉತ್ತರ (326). ನಡುವೆ ಅಲ್ಪವಿರಾಮ ಹಾಕುವ ರೂಢಿ ಇಲ್ಲ. ಓದುವಾಗಲೂ "ಮೂರು ಎರಡು ಆರು" ಅಂತ ಬಿಡಿಬಿಡಿಯಾಗಿ ಓದಬೇಕು, ಮುನ್ನೂರ ಇಪ್ಪತ್ತಾರು ಅಂತ ಅಲ್ಲ.

ಅವಸರದಲ್ಲಿ ತಲೆಕೆಳಗು ಮಾಡುವುದನ್ನು ಮರೆತು (231) ಅಂತ ಬರೆಯುವವರು ಜಾಸ್ತಿ. ಅದು ಬೇರೆಯೇ ಸಮತಲ. ತಪ್ಪಾಗಿದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಸಮತಲ ಯಾವ ಅಕ್ಷವನ್ನು ಎಲ್ಲಕ್ಕಿಂತ ಹತ್ತಿರದಲ್ಲಿ ಕತ್ತರಿಸುತ್ತದೋ, ಆ ಅಕ್ಷದ ಸಂಖ್ಯೆಯೇ ಎಲ್ಲಕ್ಕಿಂತ ದೊಡ್ಡದಾಗಿರಬೇಕು. ನಮ್ಮ ಸಮತಲ z ಅಕ್ಷವನ್ನು ಹತ್ತಿರದಲ್ಲಿ ಕತ್ತರಿಸಿದೆ, ಅದರ ಸಂಖ್ಯೆ 6. ಸರಿಯಾಗಿದೆ.

ತಲೆಕೆಳಗು ಮಾಡುವುದಾದರೂ ಯಾಕೆ? ಕೆಲವು ಸಮತಲಗಳು ಒಂದು ಅಕ್ಷಕ್ಕೆ ಸಮಾಂತರವಾಗಿರುತ್ತವೆ, ಅದನ್ನು ಮುಟ್ಟುವುದೇ ಇಲ್ಲ. ಆಗ ದೂರ ಅನಂತ. ಅನಂತದ ವ್ಯುತ್ಕ್ರಮ ಸೊನ್ನೆ, ಹಾಗಾಗಿ ಬರೆಯುವುದು ಸುಲಭ. 1839ರಲ್ಲಿ ವಿಲಿಯಂ ಹ್ಯಾಲೋಸ್ ಮಿಲ್ಲರ್ ತಮ್ಮ ಸ್ಫಟಿಕಶಾಸ್ತ್ರದ ಪುಸ್ತಕದಲ್ಲಿ ಈ ಪದ್ಧತಿಯನ್ನು ಮುಂದಿಟ್ಟರು. ಆದರೆ ನನಗೆ ವಿಷಯ ನಿಜವಾಗಿ ಅರ್ಥವಾಗಿದ್ದು ಈ ಅನಂತದ ಕಾರಣದಿಂದ ಅಲ್ಲ. (326) ಅನ್ನುವುದು ಒಂದು ಸಮತಲದ ಹೆಸರಲ್ಲ, ಸಾಲಾಗಿ ನಿಂತ ಸಮಾಂತರ ಸಮತಲಗಳ ಇಡೀ ಗುಂಪಿನ ಹೆಸರು. ಆ ಮೂರು ಸಂಖ್ಯೆಗಳು ಹೇಳುವುದು ಇಷ್ಟು: ಈ ಗುಂಪು ಯುನಿಟ್ ಸೆಲ್‌ನ x ಅಂಚನ್ನು 3 ಸಮಭಾಗ ಮಾಡುತ್ತದೆ, y ಅಂಚನ್ನು 2 ಸಮಭಾಗ ಮಾಡುತ್ತದೆ, z ಅಂಚನ್ನು 6 ಸಮಭಾಗ ಮಾಡುತ್ತದೆ.

ಇದನ್ನು ಕಾಗದದ ಮೇಲೆ ಬರೆದು ನೋಡಿ. ಒಂದು ಘನ ಬರೆಯಿರಿ. ಮೂಲಬಿಂದುವಿನಿಂದ ಹೊರಡುವ x ಅಂಚಿನ ಮೇಲೆ a/3ರಲ್ಲಿ ಒಂದು ಚುಕ್ಕಿ, y ಅಂಚಿನ ಮೇಲೆ a/2ರಲ್ಲಿ ಒಂದು, z ಅಂಚಿನ ಮೇಲೆ a/6ರಲ್ಲಿ ಒಂದು. ಮೂರನ್ನೂ ಸೇರಿಸಿ. ಮೂಲೆಯಲ್ಲಿ ಪುಟ್ಟ ತ್ರಿಕೋನ ಬರುತ್ತದೆ. ಮೂಲಬಿಂದುವಿನ ಮೂಲಕವೇ ಹಾದುಹೋಗುವ ಸಮತಲವನ್ನು ಬಿಟ್ಟರೆ, ಈ ಗುಂಪಿನಲ್ಲಿ ಮೊದಲನೆಯದು ಇದೇ. ಎರಡನೆಯದು ಇದರ ಎರಡರಷ್ಟು ದೂರದಲ್ಲಿ ಅಕ್ಷಗಳನ್ನು ಕತ್ತರಿಸುತ್ತದೆ, ಮೂರನೆಯದು ಮೂರರಷ್ಟು. ಹಾಗೇ ಎಣಿಸುತ್ತಾ ಹೋಗಿ. ಆರನೆಯದು ಎಲ್ಲಿ ಕತ್ತರಿಸುತ್ತದೆ? 6 × a/3 = 2a, 6 × a/2 = 3a, 6 × a/6 = a. ಅಂದರೆ ಲೆಕ್ಕದಲ್ಲಿ ಕೊಟ್ಟಿದ್ದು ಈ ಆರನೇ ಸಮತಲ!

ಈ ಮಾತು ಮನಸ್ಸಿನಲ್ಲಿರಲಿ. d ಲೆಕ್ಕದಲ್ಲಿ ತಪ್ಪು ಆಗುವುದು ಇಲ್ಲೇ.

d ಅಂದರೆ ಅಕ್ಕಪಕ್ಕದ ಎರಡು ಸಮತಲಗಳ ನಡುವಿನ ಲಂಬ ಅಂತರ. ಗುಂಪಿನ ಒಂದು ಸಮತಲ ಮೂಲಬಿಂದುವಿನ ಮೂಲಕ ಹೋಗುವುದರಿಂದ, ಮೂಲಬಿಂದುವಿನಿಂದ ಮೊದಲನೇ ಸಮತಲಕ್ಕೆ ಎಳೆದ ಲಂಬದ ಉದ್ದವೇ d. ಈ ಲಂಬ x ಅಕ್ಷದ ಜೊತೆ α ಕೋನ ಮಾಡುತ್ತದೆ ಅಂದುಕೊಳ್ಳಿ. ಮೂಲಬಿಂದು, ಲಂಬದ ತುದಿ, x ಅಂಚಿನ ಮೇಲಿನ a/3ರ ಚುಕ್ಕಿ, ಈ ಮೂರೂ ಸೇರಿ ಒಂದು ಲಂಬಕೋನ ತ್ರಿಭುಜ ಆಗುತ್ತದೆ. ಅದರ ವಿಕರ್ಣ a/3, ಕೋನದ ಪಕ್ಕದ ಬಾಹು d. ಆದ್ದರಿಂದ cos α = d ÷ (a/3) = 3d/a. ಇದೇ ರೀತಿ y ಅಕ್ಷದ ಜೊತೆ β, z ಅಕ್ಷದ ಜೊತೆ γ ಅಂದುಕೊಂಡರೆ 2d/a ಮತ್ತು 6d/a ಸಿಗುತ್ತವೆ.

ಅಕ್ಷಗಳು ಪರಸ್ಪರ ಲಂಬವಾಗಿದ್ದರೆ ಈ ಮೂರು cos ಬೆಲೆಗಳ ವರ್ಗಗಳ ಮೊತ್ತ 1. ಇದು ಪೈಥಾಗೊರಸ್ ಪ್ರಮೇಯವೇ, ಮೂರು ದಿಕ್ಕಿಗೆ ಹಿಗ್ಗಿಸಿದ್ದು ಅಷ್ಟೇ.

```
cos²α + cos²β + cos²γ = 1
9d²/a² + 4d²/a² + 36d²/a² = 1
49 d² = a²
d = a/7
```

3, 2, 6 ಇದ್ದ ಜಾಗದಲ್ಲಿ h, k, l ಹಾಕಿ. ಎಲ್ಲರೂ ಬಾಯಿಪಾಠ ಮಾಡುವ ಸೂತ್ರ ಬಂತು:

```
d = a / √(h² + k² + l²)
```

ಈಗ ಆ ತಪ್ಪಿನ ಕಡೆಗೆ ಬರೋಣ. ಕೆಲವರು ಸೂತ್ರ ಬಳಸದೆ, ಕೊಟ್ಟ ಸಮತಲ ಮೂಲಬಿಂದುವಿನಿಂದ ಎಷ್ಟು ದೂರ ಇದೆ ಅಂತ ನೇರವಾಗಿ ಲೆಕ್ಕ ಹಾಕುತ್ತಾರೆ. 2a, 3a, a ಇಟ್ಟುಕೊಂಡು ಮಾಡಿದರೆ 6a/7 ಬರುತ್ತದೆ. ಗಣಿತದಲ್ಲಿ ತಪ್ಪಿಲ್ಲ. ಆ ಸಮತಲ ನಿಜವಾಗಿಯೂ ಅಷ್ಟು ದೂರದಲ್ಲೇ ಇದೆ. ಆದರೆ ಅದು ಆರನೆಯದು ಅಲ್ವಾ? ಮೂಲಬಿಂದುವಿನಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಆರು ಅಂತರ ದಾಟಿರುತ್ತೇವೆ. ಒಂದು ಅಂತರ ಅಂದರೆ 6a/7ರ ಆರನೇ ಒಂದು ಭಾಗ, ಅಂದರೆ a/7. ಎರಡೂ ದಾರಿ ಒಂದೇ ಕಡೆ ಬಂದು ಸೇರಿದವು. ನನಗೂ ಮೊದಲ ಸಲ 6a/7 ಬಂದಿತ್ತು. ಎರಡು ಉತ್ತರ ಯಾಕೆ ಬೇರೆ ಅಂತ ತುಂಬ ಹೊತ್ತು ಕೂತು ಯೋಚಿಸಿದ ಮೇಲೆಯೇ ಸೂಚ್ಯಂಕ ಅಂದರೆ ಏನು ಅನ್ನುವುದು ಹಿಡಿತಕ್ಕೆ ಸಿಕ್ಕಿತು.

ಸೂತ್ರ ಎಲ್ಲಿ ನಡೆಯುವುದಿಲ್ಲ ಅನ್ನುವುದೂ ಈ ಸಾಧನೆಯಿಂದಲೇ ಗೊತ್ತಾಗುತ್ತದೆ. ಮೂರು ಅಂಚುಗಳೂ ಸಮ ಅಂತ ಒಂದೇ a ಬಳಸಿದೆವು. ಅಕ್ಷಗಳು ಲಂಬ ಅಂತ ಮೊತ್ತವನ್ನು 1 ಅಂದೆವು. ಅಂಚುಗಳು a, b, c ಅಂತ ಬೇರೆ ಬೇರೆಯಾಗಿದ್ದು ಅಕ್ಷಗಳು ಲಂಬವಾಗಿಯೇ ಇದ್ದರೆ 1/d² = h²/a² + k²/b² + l²/c² ಅಂತ ಬರೆಯಬೇಕು. ಅಕ್ಷಗಳೇ ಓರೆಯಾಗಿದ್ದರೆ ಇದೂ ಸಾಲದು.

ಸಮತಲ ಮೂಲಬಿಂದುವಿನ ಮೂಲಕವೇ ಹೋದರೆ ಏನು ಮಾಡುವುದು ಅಂತ ಕೇಳಬಹುದು. ದೂರ ಸೊನ್ನೆ, ತಲೆಕೆಳಗು ಮಾಡಲು ಆಗುವುದಿಲ್ಲ. ಆಗ ಮೂಲಬಿಂದುವನ್ನೇ ಯುನಿಟ್ ಸೆಲ್‌ನ ಬೇರೆ ಮೂಲೆಗೆ ಸರಿಸಿ. z = x ಅನ್ನುವ ಸಮತಲ ನೋಡಿ. ಮೂಲಬಿಂದುವನ್ನು x ಅಂಚಿನ ತುದಿಗೆ ಸರಿಸಿದರೆ ಕತ್ತರಿಸುವ ದೂರಗಳು −1, ಅನಂತ, 1. ಸೂಚ್ಯಂಕ −1, 0, 1. ಋಣ ಚಿಹ್ನೆಯನ್ನು ಸಂಖ್ಯೆಯ ತಲೆಯ ಮೇಲೆ ಗೆರೆಯಾಗಿ ಬರೆಯುತ್ತಾರೆ. z ಅಂಚಿನ ತುದಿಗೆ ಸರಿಸಿದರೆ 1, 0, −1 ಬರುತ್ತದೆ. ಗಾಬರಿ ಬೇಡ. ಮೂರೂ ಚಿಹ್ನೆಗಳು ಒಟ್ಟಿಗೆ ತಿರುಗಿದರೆ ಗುಂಪು ಅದೇ. ವರ್ಗ ಮಾಡುವುದರಿಂದ d ಕೂಡ ಅದೇ, a/√2.

ಇನ್ನು ನಿಜವಾದ ಲೋಹಕ್ಕೆ ಬರೋಣ. ತಾಮ್ರ ತಗೊಳ್ಳೋಣ. ಅದರ a ಸುಮಾರು 3.615 ಆಂಗ್‌ಸ್ಟ್ರಾಂ. ಘನದ ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಪರಮಾಣು ಇದೆ. (111)ಕ್ಕೆ d = 3.615/√3 = 2.087 ಆಂಗ್‌ಸ್ಟ್ರಾಂ. (200)ಕ್ಕೆ 3.615/2 = 1.808.

(200) ಅಂದ ತಕ್ಷಣ "2ರಿಂದ ಭಾಗಿಸಿ (100) ಮಾಡಬೇಕಲ್ವಾ?" ಅನ್ನಿಸುತ್ತದೆ. ಸ್ಫಟಿಕದ ಹೊರಮುಖಕ್ಕೆ ಹೆಸರಿಡುವಾಗ ಭಾಗಿಸುತ್ತಾರೆ. ಎಕ್ಸ್-ರೇ ಲೆಕ್ಕದಲ್ಲಿ ಭಾಗಿಸಬಾರದು. ಯಾಕೆ ಅಂದರೆ ತಾಮ್ರದಲ್ಲಿ ಎರಡು (100) ಸಮತಲಗಳ ಸರಿಯಾಗಿ ನಡುವೆ, a/2ರಲ್ಲಿ, ಮುಖಗಳ ನಡುವಿನ ಪರಮಾಣುಗಳ ಇನ್ನೊಂದು ಪದರ ಇದೆ. (100) ಸಮತಲಗಳಿಂದ ಬರುವ ಕಿರಣಗಳು ಒಂದಕ್ಕೊಂದು ಕೂಡುವ ಕೋನದಲ್ಲಿ, ನಡುವಿನ ಪದರದಿಂದ ಬರುವ ಕಿರಣ ಅರ್ಧ ತರಂಗದೂರದಷ್ಟು ಹಿಂದೆ ಬೀಳುತ್ತದೆ. ಅದು ಇವುಗಳನ್ನು ಪೂರ್ತಿ ಅಳಿಸಿಬಿಡುತ್ತದೆ. ಹಾಗಾಗಿ ತಾಮ್ರದ ಮೇಲೆ ಎಕ್ಸ್-ರೇ ಬಿಟ್ಟು ಅಳೆದಾಗ (100) ಪೀಕ್, ಅಂದರೆ ಆ ಕೋನದಲ್ಲಿ ಕಿರಣ ಜೋರಾಗಿ ಬರುವುದು, ಕಾಣುವುದಿಲ್ಲ; (200) ಕಾಣುತ್ತದೆ.

ಈಗ ತಿರುಗಿಸಿ ಲೆಕ್ಕ ಮಾಡೋಣ. 1.5406 ಆಂಗ್‌ಸ್ಟ್ರಾಂ ತರಂಗದೂರದ ಎಕ್ಸ್-ರೇ ಬಳಸಿ ತಾಮ್ರದ ಪುಡಿಯನ್ನು ಅಳೆದರೆ ಮೊದಲ ಪೀಕ್ ಸುಮಾರು 43.3 ಡಿಗ್ರಿಯಲ್ಲಿ, ಎರಡನೆಯದು 50.4 ಡಿಗ್ರಿಯ ಹತ್ತಿರ ಬರುತ್ತದೆ. ಮೊದಲನೆಯದು (111), ಎರಡನೆಯದು (200). ಯಂತ್ರ ತೋರಿಸುವುದು 2θ, ಅಂದರೆ ಕಿರಣ ಒಟ್ಟು ತಿರುಗಿದ ಕೋನ. ತರಂಗದೂರ λ ಮತ್ತು d ಯನ್ನು ಕೋನಕ್ಕೆ ಜೋಡಿಸುವ ಬ್ರ್ಯಾಗ್ ಸೂತ್ರಕ್ಕೆ ಬೇಕಾಗಿರುವುದು θ, ಅಂದರೆ ಕಿರಣ ಸಮತಲದ ಜೊತೆ ಮಾಡುವ ಕೋನ. ಅರ್ಧ ಮಾಡಿ.

```
λ = 2 d sin θ
(111): d = 1.5406 / (2 sin 21.65°) = 2.088    a = 2.088 × √3 = 3.616
(200): d = 1.5406 / (2 sin 25.20°) = 1.809    a = 1.809 × 2  = 3.618
```

ಎರಡು ಪೀಕ್‌ಗಳಿಂದ ಹೆಚ್ಚುಕಡಿಮೆ ಒಂದೇ a ಬಂತು. ಉಳಿದ ಸಣ್ಣ ವ್ಯತ್ಯಾಸ, ಕೋನವನ್ನು ಒಂದೇ ದಶಮಾಂಶಕ್ಕೆ ಓದಿದ್ದರಿಂದ ಬಂದದ್ದು. ಅರ್ಧ ಮಾಡುವುದನ್ನು ಮರೆತು 43.3 ಮತ್ತು 50.4 ಅನ್ನೇ ಹಾಕಿ ನೋಡಿ. ಮೊದಲ ಪೀಕ್‌ನಿಂದ a = 1.945, ಎರಡನೆಯದರಿಂದ 1.999 ಬರುತ್ತದೆ. ಒಂದೇ ಸ್ಫಟಿಕಕ್ಕೆ ಎರಡು a ಇರಲು ಸಾಧ್ಯವಿಲ್ಲ. ಸೂಚ್ಯಂಕ ತಪ್ಪು ಕೊಟ್ಟಾಗಲೂ ಹೀಗೇ ಆಗುತ್ತದೆ: ಎರಡನೇ ಪೀಕ್ ಅನ್ನು (220) ಅಂದುಕೊಂಡರೆ a ಸುಮಾರು 5.12ಕ್ಕೆ ಜಿಗಿಯುತ್ತದೆ, ಮೊದಲನೆಯದರ ಜೊತೆ ಕೂಡುವುದೇ ಇಲ್ಲ. ಅದಕ್ಕೇ ನಾನು ಯಾವತ್ತೂ ಒಂದೇ ಪೀಕ್‌ಗೆ ಲೆಕ್ಕ ನಿಲ್ಲಿಸುವುದಿಲ್ಲ. ಕನಿಷ್ಠ ಎರಡರಿಂದ a ತೆಗೆದು ಪಕ್ಕಪಕ್ಕ ಬರೆದು ನೋಡುತ್ತೇನೆ.