ದಿನಕ್ಕೊಂದು ಚಮಚ ರಕ್ತ

"ನೋವೇನಿಲ್ಲ ಸಾರ್, ಸ್ವಲ್ಪ ಹೀಟು ಅಷ್ಟೇ."

ಹೆದ್ದಾರಿ ಪಕ್ಕದ ಊರಲ್ಲಿ ಸರ್ಜನ್ ಆಗಿರುವ ನನಗೆ ಈ ಮಾತು ವಾರಕ್ಕೆ ಎರಡು ಮೂರು ಸಲವಾದರೂ ಕಿವಿಗೆ ಬೀಳುತ್ತದೆ. ಹೇಳುವವರು ಹೆಚ್ಚಾಗಿ ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವ ಲಾರಿ ಡ್ರೈವರುಗಳು. ಮೊದಮೊದಲು ಸಮಾಧಾನದಿಂದ ತಿಳಿಸಿ ಹೇಳುತ್ತಿದ್ದೆ. ಈಗ ಒಮ್ಮೊಮ್ಮೆ ರೇಗುತ್ತೇನೆ. ಆಮೇಲೆ ಬೇಜಾರಾಗುತ್ತದೆ, ಅದು ಬೇರೆ ಮಾತು.

ಅಂಥ ಒಬ್ಬ ಡ್ರೈವರಣ್ಣನ ಕಥೆ ಇದು. ಅವರಿಗೆ 46 ವರ್ಷ. ಚಳ್ಳಕೆರೆ ಕಡೆಯಿಂದ ಈರುಳ್ಳಿ ಲೋಡು ಹೊಡೆಯುವವರು. ಅವರು ಮೂಲವ್ಯಾಧಿ ತೋರಿಸಲು ಬಂದವರೇ ಅಲ್ಲ. ಲೋಡಿನ ಮೇಲೆ ಟಾರ್ಪಾಲು ಎಳೆದು ಹಗ್ಗ ಕಟ್ಟುವಾಗ ಉಸಿರು ಹಿಡಿಯುತ್ತಿತ್ತು. ಒಂದು ದಿನ ಕಣ್ಣು ಕತ್ತಲೆ ಬಂದು ಲಾರಿಯ ಪಕ್ಕದಲ್ಲೇ ಕೂತುಬಿಟ್ಟರು. ಹಾರ್ಟ್ ತೊಂದರೆ ಇರಬೇಕೆಂದು ಹೆದರಿ ಹೆಂಡತಿ ಕರೆದುಕೊಂಡು ಬಂದಿದ್ದರು.

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಹಾಗಿತ್ತು. ಉಗುರುಗಳು ಚಪ್ಪಟೆಯಾಗಿ, ನಡುವೆ ಸ್ವಲ್ಪ ಹಳ್ಳ ಬಿದ್ದಿದ್ದವು. ಸುಮ್ಮನೆ ಕೂತಿದ್ದರೂ ನಾಡಿ ನಿಮಿಷಕ್ಕೆ 112. ಹಿಮೋಗ್ಲೋಬಿನ್ 4.8 ಬಂತು. ಗಂಡಸರಿಗೆ ಅದು 13ಕ್ಕಿಂತ ಮೇಲಿರಬೇಕು.

"ಎಲ್ಲಾದರೂ ರಕ್ತ ಹೋಗ್ತಿದೆಯಾ?" ಎಂದೆ. ಹೆಂಡತಿಯ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಆ ಅಮ್ಮನನ್ನು ಸ್ವಲ್ಪ ಹೊರಗೆ ಕೂರಿಸಿದ ಮೇಲೆ ಬಾಯಿಬಿಟ್ಟರು. ಆರು ವರ್ಷದಿಂದ ಬೆಳಗ್ಗೆ ಹೊರಗೆ ಹೋದಾಗ ರಕ್ತ ತೊಟ್ಟಿಕ್ಕುತ್ತಿತ್ತಂತೆ. ಅದಕ್ಕಾಗಿಯೇ ಕಡುಗೆಂಪು ಲುಂಗಿ ಉಡುತ್ತಿದ್ದರು. ಸೀಟಿನ ಮೇಲೆ ಟವೆಲ್ ಮಡಚಿ ಹಾಕಿ ಕೂರುತ್ತಿದ್ದರು. ಜೊತೆಗಿದ್ದ ಕ್ಲೀನರ್ ಹುಡುಗನಿಗೂ ಗೊತ್ತಿರಲಿಲ್ಲ. ಔಷಧ ಅಂದರೆ ಮಜ್ಜಿಗೆ, ಮೂಲಂಗಿ, ಒಂದಷ್ಟು ನಾಟಿ ಪುಡಿ, ಆಮೇಲೆ ಮೆಡಿಕಲ್ ಶಾಪಿನ ಮುಲಾಮು. "ನೋವಿದ್ದಿದ್ರೆ ಅವತ್ತೇ ಬರ್ತಿದ್ದೆ ಸಾರ್" ಎಂದರು.

ನನಗೆ ತಲೆ ಕೆಡುವುದು ಇಲ್ಲೇ. ಒಳಮೂಲವ್ಯಾಧಿ ಸಾಮಾನ್ಯವಾಗಿ ನೋಯುವುದಿಲ್ಲ. ಗುದದ್ವಾರದ ಒಳಗೆ ಎರಡು ಸೆಂಟಿಮೀಟರಿನಷ್ಟು ಮೇಲೆ ಒಂದು ಗಡಿ ಇದೆ. ಅದರ ಕೆಳಗೆ ಇರುವುದು ಚರ್ಮದಂಥ ಪದರ, ಸೂಜಿ ತಾಗಿದರೂ ಗೊತ್ತಾಗುತ್ತದೆ. ಮೇಲಿನ ಪದರಕ್ಕೆ ಅಂಥ ನೋವು ಗೊತ್ತಾಗುವುದಿಲ್ಲ. ಒಳಮೂಲವ್ಯಾಧಿ ಹುಟ್ಟುವುದು ಆ ಮೇಲಿನ ಭಾಗದಲ್ಲಿ. ಬ್ಲೇಡಿನಲ್ಲಿ ಕೊಯ್ದ ಹಾಗೆ ಉರಿ, ನೋವು ಇದ್ದರೆ ಅದು ಹೆಚ್ಚಾಗಿ ಬಿರುಕು, ಅಂದರೆ ಫಿಶರ್. ಹಾಗಾಗಿ ನೋವಿಲ್ಲ ಎಂಬುದು ರೋಗ ಚಿಕ್ಕದು ಎಂಬುದಕ್ಕೆ ಸಾಕ್ಷಿಯಲ್ಲ. ಆ ಜಾಗಕ್ಕೆ ದೂರು ಹೇಳಲು ಬಾಯಿಲ್ಲ, ಅಷ್ಟೇ.

"ಸ್ವಲ್ಪ" ಅನ್ನುವ ಮಾತಿಗೂ ಒಂದು ಲೆಕ್ಕ ಕೊಡಬೇಕು. ಡ್ರೈವರಣ್ಣನಿಗೆ ಲೆಕ್ಕ ಚೆನ್ನಾಗಿ ಗೊತ್ತು. ಜೇಬಿನಲ್ಲಿ ಸಣ್ಣ ಪುಸ್ತಕ, ಅದರಲ್ಲಿ ಡೀಸೆಲ್, ಟೋಲು, ಬಾಡಿಗೆ ಎಲ್ಲ ಬರೆದಿದ್ದರು. ಅದರ ಕೊನೆಯ ಹಾಳೆಯಲ್ಲೇ ಬರೆದು ತೋರಿಸಿದೆ. ದಿನಕ್ಕೆ ಒಂದು ಟೀ ಚಮಚ ರಕ್ತ ಹೋಯಿತು ಅನ್ನೋಣ, ಅಂದರೆ 5 ಮಿಲಿಲೀಟರ್. ಅದರಲ್ಲಿ ಹಿಮೋಗ್ಲೋಬಿನ್ ತಯಾರಾಗಲು ಬೇಕಾದ ಕಬ್ಬಿಣದ ಅಂಶ ಸುಮಾರು ಎರಡೂವರೆ ಮಿಲಿಗ್ರಾಂ ಇರುತ್ತದೆ. ನಾವು ಎಷ್ಟೇ ಚೆನ್ನಾಗಿ ಉಂಡರೂ ಊಟದಿಂದ ಒಳಗೆ ಸೇರುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಅದರಲ್ಲೂ ಸುಮಾರು ಒಂದು ಮಿಲಿಗ್ರಾಂ ಮಾಮೂಲಿ ಸವಕಳಿಗೇ ಹೋಗುತ್ತದೆ. ಅಂದರೆ ದಿನಾ ಎರಡು ಮಿಲಿಗ್ರಾಂ ಹತ್ತಿರ ಹತ್ತಿರ ನಷ್ಟ. ಗಂಡಸಿನ ಮೈಯಲ್ಲಿ ಕಬ್ಬಿಣದ ದಾಸ್ತಾನು ಸಾವಿರ ಮಿಲಿಗ್ರಾಂ ಇದ್ದರೆ ಅದೇ ಜಾಸ್ತಿ. ಒಂದೂವರೆ ವರ್ಷದೊಳಗೆ ಗೋಡೌನ್ ಖಾಲಿ. ಹಿಮೋಗ್ಲೋಬಿನ್ ಜೋರಾಗಿ ಇಳಿಯಲು ಶುರುವಾಗುವುದು ಆಮೇಲೆ.

ಇವು ಅಂದಾಜು ಲೆಕ್ಕ, ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ತಿಂಗಳಿಗೊಮ್ಮೆ ನಾಲ್ಕು ಹನಿ ಬರುತ್ತದೆ, ಅವರಿಗೆ ಇಷ್ಟೆಲ್ಲ ಆಗುವುದಿಲ್ಲ.

ಇಳಿಕೆ ಇಷ್ಟು ನಿಧಾನವಾದ್ದರಿಂದಲೇ ಮನುಷ್ಯ ಮೋಸ ಹೋಗುತ್ತಾನೆ. ಹೃದಯ ಸ್ವಲ್ಪ ಸ್ವಲ್ಪವೇ ಜೋರಾಗಿ ಬಡಿದು ಹೊಂದಿಸಿಕೊಳ್ಳುತ್ತದೆ. ಸುಸ್ತು ಬಂದರೆ ವಯಸ್ಸಾಯಿತು ಅಂದುಕೊಳ್ಳುತ್ತಾರೆ. ಇವರು ಎರಡು ವರ್ಷದಿಂದ ಜೇಬಲ್ಲಿ ಹಸಿ ಅಕ್ಕಿ ಇಟ್ಟುಕೊಂಡು ಅಗಿಯುತ್ತಿದ್ದರು. ನಿದ್ದೆ ಬರದಿರಲಿ ಅಂತ ಅಂದುಕೊಂಡಿದ್ದರಂತೆ. ಹಸಿ ಅಕ್ಕಿ, ಮಣ್ಣು, ಐಸ್ ತಿನ್ನಬೇಕೆಂಬ ಆಸೆ ಕಬ್ಬಿಣದ ಕೊರತೆಯಲ್ಲಿ ಬರುವುದುಂಟು. ಯಾರಾದರೂ ಹಾಗೆ ತಿಂದರೆ ಗದರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಸೀಟಿನ ಬಿಸಿಯೇ ಕಾರಣ ಎಂದು ಇವರು ವಾದಿಸಿದರು. ನನ್ನ ಅನುಮಾನ ಬೇರೆ ಕಡೆ. ದಾರಿಯಲ್ಲಿ ಪದೇಪದೇ ಗಾಡಿ ನಿಲ್ಲಿಸಬಾರದೆಂದು ನೀರು ಕುಡಿಯುವುದಿಲ್ಲ. ಕರೆ ಬಂದರೆ ಮುಂದಿನ ಢಾಬಾವರೆಗೆ ತಡೆಯುತ್ತಾರೆ. ಆಮೇಲೆ ಗಟ್ಟಿಯಾದದ್ದನ್ನು ಮುಕ್ಕಿ ಮುಕ್ಕಿ ಹೊರಹಾಕುತ್ತಾರೆ. ಜೊತೆಗೆ ರಾತ್ರಿಯಿಡೀ ಟೀ. ಊಟದ ಜೊತೆ ಟೀ ಕುಡಿದರೆ ಇದ್ದಬದ್ದ ಕಬ್ಬಿಣವೂ ಸರಿಯಾಗಿ ಒಳಗೆ ಸೇರುವುದಿಲ್ಲ.

ರಕ್ತ ಕೊಟ್ಟೆವು, ದಿನಕ್ಕೆ ಒಂದೇ ಬಾಟಲಿಯಂತೆ ಎರಡು ದಿನ. "ಬೇಗ ಬೇಗ ಏರಿಸಿ ಸಾರ್, ಲೋಡು ಕಾಯ್ತಿದೆ" ಎಂದರು. ಇಷ್ಟು ದಿನ ಕಷ್ಟಪಟ್ಟ ಹೃದಯದ ಮೇಲೆ ಒಮ್ಮೆಲೇ ಅಷ್ಟು ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆಮೇಲೆ ನರಕ್ಕೆ ಕಬ್ಬಿಣದ ಇಂಜೆಕ್ಷನ್.

ಬೆರಳಿನಿಂದ ಮತ್ತು ಸಣ್ಣ ಕೊಳವೆ ಹಾಕಿ ನೋಡಿದಾಗ ಮೂಲವ್ಯಾಧಿ ಸ್ಪಷ್ಟವಾಗಿ ಕಂಡಿತು. ಮೂರನೇ ಹಂತ, ಅಂದರೆ ಹೊರಬಂದದ್ದನ್ನು ಕೈಯಿಂದ ಒಳಗೆ ತಳ್ಳಬೇಕಾದ ಸ್ಥಿತಿ. ಆದರೂ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿಸಿದೆ. ಮೂಲವ್ಯಾಧಿ ಕ್ಯಾನ್ಸರ್ ಆಗುವುದಿಲ್ಲ. ಆದರೆ ಮೂಲವ್ಯಾಧಿ ಇದ್ದವರ ಕರುಳಿನಲ್ಲೇ ಮೇಲೆ ಇನ್ನೊಂದು ಗಂಟೂ ಇರಬಹುದು, ಅದೂ ನೋವಿಲ್ಲದೆ ರಕ್ತ ಸುರಿಸುತ್ತದೆ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ತಿಳಿಗೆಂಪು, ಕಡೆಯಲ್ಲಿ ತೊಟ್ಟಿಕ್ಕುತ್ತದೆ. ಕಡುಬಣ್ಣ, ಮಲದ ಜೊತೆ ಬೆರೆತದ್ದು, ತೂಕ ಇಳಿಯುವುದು, ಇತ್ತೀಚೆಗೆ ಮಲದ ರೂಢಿ ಬದಲಾದದ್ದು, ಇವು ಕಂಡರೆ ನನಗೆ ಹೆಚ್ಚು ಹೆದರಿಕೆ. ಬರೀ ಬಣ್ಣ ನೋಡಿ ತೀರ್ಮಾನ ಮಾಡಲು ನನಗೇ ಧೈರ್ಯವಿಲ್ಲ. ಇನ್ನು ಅಂಗಡಿಯವರು ಹೇಗೆ ಮಾಡುತ್ತಾರೋ! ಇವರ ಕರುಳು ಶುದ್ಧವಾಗಿತ್ತು. "ಸುಮ್ನೆ ದುಡ್ಡು ಹೋಯ್ತಲ್ಲ ಸಾರ್" ಎಂದು ಗೊಣಗಿದರು. ಆ ಗೊಣಗಾಟ ನನಗೆ ಹಿತವಾಗಿಯೇ ಕೇಳಿಸಿತು.

ಮೊದಲ ವರ್ಷವೇ ಬಂದಿದ್ದರೆ ಇಸಬಗೋಲು, ನೀರು, ಬೇಕಾದರೆ ಹೊರರೋಗಿಯಾಗಿ ಮೂಲವ್ಯಾಧಿಯ ಬುಡಕ್ಕೆ ಬಿಗಿಯುವ ಒಂದು ರಬ್ಬರ್ ಬ್ಯಾಂಡ್, ಇಷ್ಟರಲ್ಲೇ ಮುಗಿಯಬಹುದಿತ್ತು. ಈಗ ಆಪರೇಶನ್ ಮಾಡಬೇಕಾಯಿತು. ಹಿಮೋಗ್ಲೋಬಿನ್ ಒಂಬತ್ತು ದಾಟುವವರೆಗೆ ಕಾದು ಮಾಡಿದೆವು. ಆರು ವರ್ಷ ಇಲ್ಲದ ನೋವನ್ನೆಲ್ಲ ಮುಂದಿನ ಎರಡು ವಾರದಲ್ಲಿ ಅನುಭವಿಸಿದರು. ಬಿಸಿನೀರಿನ ಟಬ್ಬಿನಲ್ಲಿ ಕೂತು ನನಗೆ ಎಷ್ಟು ಬೈದರೋ!

ಮೂರು ತಿಂಗಳಾದ ಮೇಲೆ ಇಬ್ಬರೂ ಬಂದರು. ಹಿಮೋಗ್ಲೋಬಿನ್ 12.9. ಕಬ್ಬಿಣದ ಮಾತ್ರೆ ಇನ್ನೂ ಮೂರು ತಿಂಗಳು ನುಂಗಬೇಕು, ಗೋಡೌನ್ ತುಂಬಿಲ್ಲ ಎಂದೆ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಗಾಬರಿ ಬೇಡ ಎಂದೂ ಹೇಳಿದೆ. ಅವರು ಆ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು.

ಬಾಗಿಲ ಹತ್ತಿರ ಆ ಅಮ್ಮ ನಿಂತು, "ಅಕ್ಕಿ ಡಬ್ಬ ಈಗ ತಿಂಗಳ ಕೊನೆವರೆಗೂ ಬರ್ತದೆ ಡಾಕ್ಟ್ರೇ. ನಾನು ಇಲಿ ಅಂದ್ಕೊಂಡು ಬೋನು ಇಟ್ಟಿದ್ದೆ" ಎಂದರು.